ಮಾವನಿಗೆ ಪತ್ರ: ತಿಂಡಿ ಪ್ಯಾಕಿಂಗ್‌ಗೆ ಒಂದು ಲಕ್ಷದ ಬಂಡವಾಳ, ತೀರಿಸುವ ಲೆಕ್ಕದ ಸಮೇತ

ಕಟಪಾಡಿ
4-1-2026

ತೀರ್ಥರೂಪ ಸಮಾನರಾದ ಮಾವನವರಿಗೆ,

ಅಳಿಯ ಪ್ರಶಾಂತನ ನಮಸ್ಕಾರಗಳು. ಇಲ್ಲಿ ಅಮ್ಮ, ನಾವೆಲ್ಲರೂ ಕ್ಷೇಮ. ಅತ್ತೆಯೂ ಮಕ್ಕಳೂ ಮುಂಬೈಯಲ್ಲಿ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ವಿಷಯ ನೇರವಾಗಿಯೇ ಹೇಳುತ್ತೇನೆ. ಮನೆಯ ಪಕ್ಕದ ಕೋಣೆಯಲ್ಲಿ ತಿಂಡಿ ಪ್ಯಾಕಿಂಗ್ ಶುರು ಮಾಡಬೇಕೆಂದಿದ್ದೇನೆ. ಒಟ್ಟು 1,80,000 ರೂಪಾಯಿ ಬೇಕು. 80,000 ನನ್ನಲ್ಲಿದೆ. ಉಳಿದ 1,00,000 ರೂಪಾಯಿಯನ್ನು ನಿಮ್ಮಲ್ಲಿ ಕೇಳುತ್ತಿದ್ದೇನೆ. ಫೋನಿನಲ್ಲಿ ಕೇಳುವುದಕ್ಕಿಂತ ಲೆಕ್ಕ ಬರೆದು ಕಳುಹಿಸಿದರೆ ನೀವು ಸಾವಕಾಶವಾಗಿ ನೋಡಬಹುದು, ತಪ್ಪಿದ್ದಲ್ಲಿ ಗೆರೆ ಎಳೆಯಬಹುದು. ಇಷ್ಟು ವರ್ಷ ಹೋಟೆಲ್ ನಡೆಸಿದ ನಿಮ್ಮ ಕಣ್ಣಿಗೆ ಬೀಳುವ ತಪ್ಪು ನನಗೆ ಕಾಣಲಿಕ್ಕಿಲ್ಲ.

ಕರಿಯುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ನೇಂದ್ರ ಬಾಳೆಕಾಯಿ ಚಿಪ್ಸ್, ಚಕ್ಕುಲಿ, ತುಕ್ಕುಡಿ, ಬೇಸಗೆಯಲ್ಲಿ ಹಲಸಿನಕಾಯಿ ಸೋಂಟೆ, ಇವನ್ನು ಮನೆಯಲ್ಲೇ ಕರಿದು ಮಾರುವ ಇಬ್ಬರಿಂದ ಕಿಲೋ ಲೆಕ್ಕದಲ್ಲಿ ತರುತ್ತೇನೆ. ಅವರ ಕೈರುಚಿಗೆ ಹೆಸರಿದೆ, ಮಾಲು ಕಡಿಮೆ ಬೀಳುವುದಿಲ್ಲ. ಅವರು ಸೋಲುವುದು ಪ್ಯಾಕಿಂಗಿನಲ್ಲಿ. ತೆಳ್ಳಗಿನ ಪಾರದರ್ಶಕ ಕವರಿಗೆ ಹಾಕಿ ಮೇಣದಬತ್ತಿಯಲ್ಲಿ ಬಾಯಿ ಅಂಟಿಸಿ ಅಂಗಡಿಗೆ ಕೊಡುತ್ತಾರೆ. ಮಳೆಗಾಲದಲ್ಲಿ ಎಂಟು ಹತ್ತು ದಿನಕ್ಕೆ ಚಿಪ್ಸ್ ಮೆತ್ತಗಾಗುತ್ತದೆ, ಬಿಸಿಲು ಬೀಳುವ ಅಂಗಡಿಯಲ್ಲಿ ನೇತುಹಾಕಿದರೆ ಎಣ್ಣೆ ಕಮಟಾಗುತ್ತದೆ. ಅಂಗಡಿಯವರು ವಾಪಸ್ ಕೊಡುತ್ತಾರೆ, ಮುಂದಿನ ಸಲ ಬೇಡ ಎನ್ನುತ್ತಾರೆ. ಈ ಒಂದು ಕೊರತೆ ತುಂಬಿದರೆ ಉಡುಪಿ ಬಸ್‌ಸ್ಟ್ಯಾಂಡ್, ರಥಬೀದಿ, ಮಣಿಪಾಲ, ಮಲ್ಪೆ ಇಷ್ಟರಲ್ಲೇ ಸಾಕಷ್ಟು ವ್ಯಾಪಾರವಿದೆ. 18 ಅಂಗಡಿಯವರ ಹತ್ತಿರ ಮಾತನಾಡಿದ್ದೇನೆ. 45 ದಿನ ಗರಿಗರಿ ಉಳಿಯುವುದಾದರೆ ಇಡುತ್ತೇವೆ ಎಂದಿದ್ದಾರೆ.

ಮೆತ್ತಗಾಗುವುದು ಗಾಳಿಯ ತೇವದಿಂದ, ಕಮಟಾಗುವುದು ಗಾಳಿಯ ಆಮ್ಲಜನಕ ಮತ್ತು ಬೆಳಕಿನಿಂದ. ಹಾಗಾಗಿ ಒಳಗೆ ಬೆಳ್ಳಿ ಬಣ್ಣದ ಪದರವಿರುವ ಪೌಚ್, ಸಾರಜನಕ ತುಂಬಿ ಸೀಲ್ ಮಾಡುವ ಬ್ಯಾಂಡ್ ಸೀಲರ್, ತೇವ ಎಳೆಯುವ ಡಿಹ್ಯೂಮಿಡಿಫೈಯರ್, ಈ ಮೂರೂ ಬೇಕು. ಒಂದನ್ನು ಬಿಟ್ಟರೆ ಉಳಿದೆರಡರ ಹಣ ದಂಡ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆಯ ಗಾಳಿಯಲ್ಲಿ ಚಿಪ್ಸ್ ಬಿಡಿಸಿಟ್ಟು ಪ್ಯಾಕ್ ಮಾಡಿದರೆ ತೇವವನ್ನು ನಾವೇ ಒಳಗೆ ತುಂಬಿ ಬಾಯಿ ಮುಚ್ಚಿದ ಹಾಗೆ. ಬಿಸಿ ಇರುವಾಗಲೇ ತುಂಬಿದರೂ ಅದೇ ಗತಿ, ಒಳಗೆ ಆವಿ ಬೆವರಿ ಎರಡೇ ದಿನಕ್ಕೆ ಮೆತ್ತಗೆ. ಆದ್ದರಿಂದ ಚಿಪ್ಸನ್ನು ಡಿಹ್ಯೂಮಿಡಿಫೈಯರ್ ಓಡುವ ಮುಚ್ಚಿದ ಕೋಣೆಯಲ್ಲೇ ಹರಡಿ ಆರಿಸಬೇಕು, ಆರಿದ ಕೂಡಲೇ ಮುಚ್ಚಳದ ಡ್ರಮ್ಮಿಗೆ ಹಾಕಬೇಕು, ಅದೇ ದಿನ ಪ್ಯಾಕ್ ಮುಗಿಸಬೇಕು.

ಸೀಲಿನ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹಣ ಸೋರುವ ಜಾಗ ಅದೇ. ಪೌಚಿನ ದಪ್ಪಕ್ಕೆ ತಕ್ಕಂತೆ ಸೀಲರಿನ ಶಾಖ 150ರಿಂದ 170 ಡಿಗ್ರಿಯೊಳಗೆ ಹೊಂದಿಸಬೇಕು. ಕಡಿಮೆಯಾದರೆ ಎಳೆದ ಕೂಡಲೇ ಬಾಯಿ ಬಿಡುತ್ತದೆ, ಹೆಚ್ಚಾದರೆ ಸುಕ್ಕು ಬಂದು ಸುಕ್ಕಿನ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಇದಕ್ಕಿಂತ ದೊಡ್ಡ ಕಾಟ ಪುಡಿ. ಚಕ್ಕುಲಿಯ ಒಂದು ಸಣ್ಣ ಚೂರು ಸೀಲಿನ ಗೆರೆಯಲ್ಲಿ ಸಿಕ್ಕಿದರೂ ಸಾಕು, ಕಣ್ಣಿಗೆ ಕಾಣದ ತೂತಾಗುತ್ತದೆ. ಅದಕ್ಕೆ ಅಗಲ ಬಾಯಿಯ ಸ್ಟೀಲ್ ಲಾಳಿಕೆಯಿಂದಲೇ ತುಂಬುವುದು, ಸೀಲ್ ಮಾಡುವ ಮುಂಚೆ ಪೌಚಿನ ಒಳಬಾಯಿಯನ್ನು ಒಣಬಟ್ಟೆಯಲ್ಲಿ ಒರೆಸುವುದು. ಪ್ರತಿ 50 ಪ್ಯಾಕೆಟಿಗೆ ಒಂದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಅಂಗೈಯಿಂದ ಒತ್ತಿ ನೋಡುತ್ತೇನೆ. ಗುಳ್ಳೆ ಬಂದರೆ ಆ 50ನ್ನೂ ಬಿಡಿಸಿ ಮತ್ತೆ ಸೀಲ್ ಮಾಡುವುದು. ಈ ದರದ ಯಂತ್ರದಲ್ಲಿ ಸಾರಜನಕ ಹಾಕಿದರೂ ಒಳಗಿನ ಆಮ್ಲಜನಕ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮೂರು ತಿಂಗಳು ಎಂದು ಬರೆಯದೆ 45 ದಿನವೆಂದೇ ಮುದ್ರಿಸುತ್ತೇನೆ.

ಎಣ್ಣೆ ಹಳತಾಗಿದ್ದರೆ ಯಾವ ಪೌಚೂ ಉಳಿಸುವುದಿಲ್ಲ. ಕರಿಯುವವರಿಗೆ ಕಿಲೋಗೆ 10 ರೂಪಾಯಿ ಹೆಚ್ಚು ಕೊಡುತ್ತೇನೆ, ಹಳೇ ಎಣ್ಣೆಗೆ ಹೊಸತು ಬೆರೆಸಿ ಮುಂದುವರಿಸಬಾರದೆಂಬ ಕರಾರಿನ ಮೇಲೆ. ಕೆಳಗಿನ ದರದಲ್ಲಿ ಅದು ಸೇರಿದೆ.

ಖರ್ಚು ಹೀಗಿದೆ. ಗ್ಯಾಸ್ ಸೌಲಭ್ಯದ ಬ್ಯಾಂಡ್ ಸೀಲರ್ 36,500. ಸಾರಜನಕದ ಸಿಲಿಂಡರ್ ಠೇವಣಿ ಮತ್ತು ರೆಗ್ಯುಲೇಟರ್ 11,500. ಡಿಹ್ಯೂಮಿಡಿಫೈಯರ್ 16,000. ಮುದ್ರೆ ಹಾಕಿಸಿದ ಎರಡು ಎಲೆಕ್ಟ್ರಾನಿಕ್ ತಕ್ಕಡಿ 9,000. ಸ್ಟೀಲ್ ಮೇಜು 11,000. ಆರು ಡ್ರಮ್ 5,400. ತಾರೀಕು ಒತ್ತುವ ಕೈಯಂತ್ರ 3,600. ವೈರಿಂಗ್, ಕಿಟಕಿಗೆ ಬಲೆ, ನೆಲದ ರಿಪೇರಿ 12,000. ನೋಂದಣಿ, ಓಡಾಟ 2,500. 10,000 ಪೌಚ್ ಮತ್ತು ಸ್ಟಿಕ್ಕರ್ ಸೇರಿ 35,000. ಮೊದಲ ಎರಡು ಸುತ್ತಿನ ಮಾಲು 32,000. ಕೈಯಲ್ಲಿ 5,500. ಹೆಸರು ಅಚ್ಚಾದ ಪೌಚ್ ಚಂದ ಕಾಣುತ್ತದೆ, ಆದರೆ ಅದಕ್ಕೆ ಮುದ್ರಣದ ಸಿಲಿಂಡರ್ ಮಾಡಿಸಬೇಕು, ಒಮ್ಮೆಗೇ ದೊಡ್ಡ ಆರ್ಡರ್ ಕೊಡಬೇಕು. ಮೊದಲ ವರ್ಷ ಖಾಲಿ ಪೌಚಿಗೆ ಸ್ಟಿಕ್ಕರ್ ಅಂಟಿಸಿದರೆ ಸಾಕು.

100 ಗ್ರಾಂ ಬಾಳೆಕಾಯಿ ಚಿಪ್ಸಿನ ಲೆಕ್ಕ ನೋಡಿ. ತೆಂಗಿನೆಣ್ಣೆಯಲ್ಲಿ ಕರಿದದ್ದು ಕಿಲೋಗೆ 320ರಂತೆ 32 ರೂಪಾಯಿ. ಪೌಚ್, ಸ್ಟಿಕ್ಕರ್ 3.50. ಗ್ಯಾಸ್, ಕರೆಂಟು 0.80. ಪ್ಯಾಕಿಂಗಿಗೆ ಬರುವ ಪಕ್ಕದ ಮನೆಯ ಅಕ್ಕನ ಕೂಲಿ 1.70. ಅಂಗಡಿಗೆ ಮುಟ್ಟಿಸಲು 1.50. ಒಡೆದದ್ದು, ವಾಪಸ್ ಬಂದದ್ದು ಎಂದು 1.50. ಒಟ್ಟು 41 ರೂಪಾಯಿ. ಎಂಆರ್‌ಪಿ 60, ಅಂಗಡಿಯವರಿಗೆ 12, ನಮ್ಮ ಕೈಗೆ 48. ಉಳಿಯುವುದು 7. ಚಕ್ಕುಲಿ, ತುಕ್ಕುಡಿಯಲ್ಲಿ 5ರಷ್ಟೇ. ಸರಾಸರಿ 6 ಎಂದು ಹಿಡಿದಿದ್ದೇನೆ. ಓಣಂ ಹತ್ತಿರ ನೇಂದ್ರದ ದರ ಏರುತ್ತದೆ. ಆ ವಾರಗಳಲ್ಲಿ ಎಂಆರ್‌ಪಿ ಮುಟ್ಟದೆ ಚಿಪ್ಸ್ ಕಡಿಮೆ ಮಾಡಿ ಚಕ್ಕುಲಿ ಹೆಚ್ಚು ಹಾಕುತ್ತೇನೆ.

ದಿನಕ್ಕೆ 100 ಪ್ಯಾಕೆಟಿನಂತೆ ತಿಂಗಳಿಗೆ 22 ದಿನ, 2,200 ಪ್ಯಾಕೆಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಪೆಗೆ ಜನ ಕಡಿಮೆ, ಹಾಗಾಗಿ 1,500. ತಿಂಗಳ ಖಾಯಂ ಖರ್ಚು 2,200 ಕಳೆದರೆ ಒಳ್ಳೆ ತಿಂಗಳಲ್ಲಿ 11,000, ಮಳೆಗಾಲದಲ್ಲಿ 6,800 ಉಳಿಯುತ್ತದೆ.

ಇನ್ನು ನಿಮ್ಮ ಹಣ ತೀರಿಸುವ ಬಗೆ. ಫೆಬ್ರವರಿ 1ಕ್ಕೆ ಹಣ ಸಿಕ್ಕಿದರೆ ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರು ತಿಂಗಳು ಕಂತು ಇಲ್ಲ. ಅಂಗಡಿಯವರು ಹಿಂದಿನ ಬಿಲ್ಲನ್ನು ಮುಂದಿನ ಮಾಲು ಇಳಿಸುವಾಗ ಕೊಡುವುದು. 18 ಅಂಗಡಿಯಲ್ಲಿ 30ರಂತೆ 540 ಪ್ಯಾಕೆಟ್ ಇಟ್ಟರೆ ಸುಮಾರು 26,000 ರೂಪಾಯಿ ಹೊರಗೆ ಸಿಕ್ಕಿಬಿದ್ದಿರುತ್ತದೆ, ಅದು ತಿರುಗಲು ಈ ಅವಧಿ ಬೇಕು. 2026 ಮೇ ಕೊನೆಯಿಂದ ಪ್ರತಿ ತಿಂಗಳ ಕೊನೆಗೆ 5,000 ರೂಪಾಯಿ, 20 ಕಂತು. ಕೊನೆಯದು 2027 ಡಿಸೆಂಬರ್ 31ಕ್ಕೆ. ಬಡ್ಡಿ ವರ್ಷಕ್ಕೆ ಶೇ. 8, ಬಾಕಿ ಉಳಿದ ಅಸಲಿನ ಮೇಲೆ ಮಾತ್ರ. ಮೊದಲ ಮೂರು ತಿಂಗಳಿಗೆ 2,000, ಕಂತಿನ 20 ತಿಂಗಳಿಗೆ 7,000, ಒಟ್ಟು 9,000. ಇದಕ್ಕಾಗಿ ಪ್ರತಿ ಕಂತಿನ ಜೊತೆಗೆ 450 ರೂಪಾಯಿ ಬೇರೆ ಖಾತೆಯಲ್ಲಿ ತೆಗೆದಿಟ್ಟು 2028 ಜನವರಿಯಲ್ಲಿ ಒಟ್ಟಿಗೆ ಕೊಡುತ್ತೇನೆ. ಬಡ್ಡಿ ಬೇಡ ಎಂದು ನೀವು ಹೇಳಬಹುದು ಮಾವ, ಆದರೆ ದಯವಿಟ್ಟು ತೆಗೆದುಕೊಳ್ಳಿ. ಎಫ್‌ಡಿಯಲ್ಲಿ ಇಟ್ಟಿದ್ದರೂ ನಿಮ್ಮ ಹಣಕ್ಕೆ ಬಡ್ಡಿ ಬರುತ್ತಿತ್ತು.

ಕಂತು, ಬಡ್ಡಿ, ಖಾಯಂ ಖರ್ಚು ಸೇರಿ ತಿಂಗಳಿಗೆ 7,650. ಅಂದರೆ 1,275 ಪ್ಯಾಕೆಟ್ ಹೋದರೆ ನಿಮ್ಮ ಕಂತಿಗೆ ತೊಂದರೆಯಿಲ್ಲ. ಎರಡು ತಿಂಗಳು ಸತತ ಅದಕ್ಕಿಂತ ಕಡಿಮೆಯಾದರೆ ಮೊದಲೇ ತಿಳಿಸಿ, ಆ ತಿಂಗಳುಗಳಲ್ಲಿ 2,500 ಕೊಟ್ಟು ಉಳಿದದ್ದನ್ನು ಕೊನೆಗೆ ಸೇರಿಸುತ್ತೇನೆ, ಅದಕ್ಕೂ ಬಡ್ಡಿ ಕಟ್ಟುತ್ತೇನೆ. ಏನೇ ಮಾಡಿದರೂ ನಡೆಯದಿದ್ದರೆ ಸೀಲರ್, ಡಿಹ್ಯೂಮಿಡಿಫೈಯರ್, ತಕ್ಕಡಿ, ಮೇಜು ಅರ್ಧ ಬೆಲೆಗೆ ಹೋದರೂ 36,000 ಬರುತ್ತದೆ, ಅದು ಮೊದಲು ನಿಮಗೆ. ಉಳಿದದ್ದಕ್ಕೆ ನನ್ನ ಹೆಸರಿನ ಪೋಸ್ಟ್ ಆಫೀಸ್ ಆರ್‌ಡಿ ಇದೆ. ಅಮ್ಮನ ಬಂಗಾರಕ್ಕೆ ಕೈ ಹಾಕುವುದಿಲ್ಲ.

ಪಾಲುದಾರಿಕೆ ಎಂದೂ ಯೋಚಿಸಿದ್ದೆ. ಮುಂಬೈಯಲ್ಲಿ ಕುಳಿತು ಇಲ್ಲಿನ ಲಾಭ ನಷ್ಟ ನೋಡುವ ತಲೆನೋವು ನಿಮಗೆ ಬೇಡ, ಕಂತೇ ಸರಿ ಅನ್ನಿಸಿತು. ರೆವಿನ್ಯೂ ಸ್ಟಾಂಪ್ ಹಚ್ಚಿದ ಪ್ರೊನೋಟು ಬರೆದುಕೊಡುತ್ತೇನೆ. ಹಣ ಮಾತ್ರ ಬ್ಯಾಂಕಿನಿಂದಲೇ ಹಾಕಿ. 20,000 ಮತ್ತು ಅದಕ್ಕಿಂತ ಹೆಚ್ಚಿನ ಸಾಲ ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕಂತೂ ನಿಮ್ಮ ಖಾತೆಗೇ ಬರುತ್ತದೆ.

ಕಾಗದಪತ್ರದ ಕೆಲಸ ದೊಡ್ಡದಲ್ಲ. ವರ್ಷದ ವ್ಯಾಪಾರ 11.3 ಲಕ್ಷ ಆಗಬಹುದು. ಇಷ್ಟು ವ್ಯಾಪಾರಕ್ಕೆ ಆಹಾರ ಸುರಕ್ಷತೆಯ ಸಾದಾ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ. ಅದರ 14 ಅಂಕಿಯ ಸಂಖ್ಯೆ ಲೇಬಲ್ಲಿನಲ್ಲಿರಬೇಕು. ತೂಕದ ಪ್ಯಾಕೆಟಾದ್ದರಿಂದ ಕಾನೂನು ಮಾಪನ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ ಬೇರೆ. ಜಿಎಸ್‌ಟಿಗೆ 40 ಲಕ್ಷದ ಮಿತಿ ಇರುವುದರಿಂದ ಈಗ ನೋಂದಣಿ ಬೇಡ.

18ರ ಪರ್ಯಾಯಕ್ಕೆ ನೀವು ಊರಿಗೆ ಬರುತ್ತೀರೆಂದು ಅಮ್ಮ ಹೇಳಿದರು. ಸೀಲರಿನ ಎರಡು ಕೊಟೇಶನ್, ಪೌಚಿನ ಮಾದರಿ ತೆಗೆದಿಟ್ಟಿದ್ದೇನೆ. ಡಿಸೆಂಬರ್ 20ರಂದು ಬಾಡಿಗೆ ಯಂತ್ರದಲ್ಲಿ ಸೀಲ್ ಮಾಡಿಸಿದ ಆರು ಪ್ಯಾಕೆಟ್ ಇವೆ, ನೀವೇ ಒಂದನ್ನು ಒಡೆದು ತಿಂದು ನೋಡಿ. ಪೂರ್ತಿ ಒಂದು ಲಕ್ಷ ಈಗ ಕಷ್ಟವಾದರೆ 60,000 ಆದರೂ ಕೆಲಸ ಶುರು ಮಾಡಬಹುದು. ಪೌಚ್ 5,000 ತರಿಸಿ, ಮಾಲು ಒಂದೇ ಸುತ್ತಿನದು ತಂದು, ಮೇಜಿನ ಬದಲು ಮನೆಯ ಹಳೇ ಕಡಪ ಕಲ್ಲು ಬಳಸುತ್ತೇನೆ. ಸೀಲರ್, ಡಿಹ್ಯೂಮಿಡಿಫೈಯರ್ ಎರಡನ್ನು ಮಾತ್ರ ಬಿಡಲಾಗುವುದಿಲ್ಲ. ಆಗುವುದಿಲ್ಲ ಎಂದಾದರೂ ಸಂಕೋಚವಿಲ್ಲದೆ ಹೇಳಿ ಮಾವ, ಅಮ್ಮನಿಗಾಗಲಿ ನನಗಾಗಲಿ ಬೇಸರವಾಗುವುದಿಲ್ಲ.

ಅತ್ತೆಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ ತಿಳಿಸಿ.

ಇತಿ ನಿಮ್ಮ ಅಳಿಯ,
ಪ್ರಶಾಂತ