ವಿಷಯ: ಲೆಕ್ಕಪತ್ರ ಸಹಾಯಕಿ ಹುದ್ದೆಗೆ ಅರ್ಜಿ – ಸವಿತಾ, ಬಿ.ಕಾಂ., ಹುಬ್ಬಳ್ಳಿ

ಮಾನ್ಯರೇ,

ನಮಸ್ಕಾರ. ಗೋಕುಲ ರಸ್ತೆಯಲ್ಲಿರುವ ನಿಮ್ಮ ಪಂಪ್‌ಸೆಟ್ ವಿತರಣಾ ಸಂಸ್ಥೆಗೆ ಲೆಕ್ಕಪತ್ರ ಸಹಾಯಕರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಭಾನುವಾರದ ಪತ್ರಿಕೆಯಲ್ಲಿ ನೋಡಿ ಈ ಅರ್ಜಿ ಕಳುಹಿಸುತ್ತಿದ್ದೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಈ ವರ್ಷ ಬಿ.ಕಾಂ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ್ದೇನೆ. ಕೊನೆಯ ಸೆಮಿಸ್ಟರ್ ಜೊತೆಗೆ ಹುಬ್ಬಳ್ಳಿಯ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ನಾಲ್ಕು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದೇನೆ.

ಎಕ್ಸೆಲ್ ಚೆನ್ನಾಗಿ ಬರಬೇಕು ಎಂದು ಜಾಹೀರಾತಿನಲ್ಲಿ ಕೇಳಿದ್ದೀರಿ. ಬರುತ್ತದೆ ಎಂದಷ್ಟೇ ಹೇಳುವುದಕ್ಕಿಂತ ನಾನು ಮಾಡಿದ ಒಂದು ಕೆಲಸವನ್ನೇ ವಿವರಿಸುತ್ತೇನೆ.

ಆ ಕಚೇರಿಗೆ ಹಾರ್ಡ್‌ವೇರ್ ಸಗಟು ವ್ಯಾಪಾರಿಯೊಬ್ಬರ ಲೆಕ್ಕ ಬರುತ್ತಿತ್ತು. ತಿಂಗಳಿಗೆ ನಾನೂರಕ್ಕೂ ಹೆಚ್ಚು ಖರೀದಿ ಬಿಲ್‌ಗಳು. ಪ್ರತಿ ತಿಂಗಳು 14ರಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ, 20ರೊಳಗೆ 3ಬಿ ಸಲ್ಲಿಸಬೇಕು. ಖರೀದಿ ವಹಿಯನ್ನು 2ಬಿ ಜೊತೆ ತಾಳೆ ನೋಡಲು ಸಿಗುವುದು ಆ ಕೆಲವೇ ದಿನಗಳು. ನಾನು ಸೇರಿದ ತಿಂಗಳು ಎರಡು ಪಟ್ಟಿಗಳನ್ನು ಮುದ್ರಿಸಿಕೊಂಡು, ಸ್ಕೇಲು ಇಟ್ಟು, ಸಾಲು ಸಾಲಾಗಿ ಟಿಕ್ ಹಾಕುತ್ತಿದ್ದೆವು. ಎರಡನೆಯ ತಿಂಗಳು ಅನುಮತಿ ಪಡೆದು ಅದನ್ನು ಎಕ್ಸೆಲ್‌ಗೆ ತಂದೆ. ಮೊದಲ ಪ್ರಯತ್ನದಲ್ಲಿ 37 ಬಿಲ್‌ಗಳು ಹೊಂದಲಿಲ್ಲ. ಒಂದೊಂದನ್ನೂ ತೆಗೆದು ನೋಡಿದಾಗ ಹೆಚ್ಚಿನವುಗಳಲ್ಲಿ ನಿಜವಾದ ತಪ್ಪೇ ಇರಲಿಲ್ಲ: ನಮ್ಮ ವಹಿಯಲ್ಲಿ HB/147 ಎಂದಿದ್ದರೆ, ಪೂರೈಕೆದಾರರು HB-147 ಎಂದು ತುಂಬಿದ್ದರು. ಆಗ ಎರಡೂ ಹಾಳೆಗಳಲ್ಲಿ ಜಿಎಸ್‌ಟಿ ಸಂಖ್ಯೆಗೆ ಬಿಲ್ ಸಂಖ್ಯೆಯನ್ನು ಜೋಡಿಸಿ, ನಡುವಿನ ಗೆರೆಗಳನ್ನು ತೆಗೆದು, ಒಂದೇ ಗುರುತಿನ ಅಂಕಣ ಮಾಡಿಕೊಂಡೆ:

```
=A2&SUBSTITUTE(SUBSTITUTE(TRIM(B2),"/",""),"-","")
```

ಆಮೇಲೆ ಉಳಿದದ್ದು ಎಂಟೇ ಬಿಲ್. ಐದರಲ್ಲಿ ಪೂರೈಕೆದಾರರು ಜಿಎಸ್‌ಟಿಆರ್-1 ಸಲ್ಲಿಸಿರಲಿಲ್ಲ. ಅವರಿಗೆ ಫೋನ್ ಮಾಡಿ ನೆನಪಿಸುವ ಕೆಲಸವನ್ನೂ ನಾನೇ ಮಾಡಿದೆ. ಉಳಿದ ಮೂರು ನಮ್ಮ ಕಡೆಯೇ ಎರಡೆರಡು ಸಲ ನಮೂದಾಗಿದ್ದವು. ಅವು ಹಾಗೆಯೇ ಮುಂದೆ ಹೋಗಿದ್ದರೆ ಹಕ್ಕಿಲ್ಲದ ಹೂಡುವಳಿ ತೆರಿಗೆ ಜಮೆ ಕೇಳಿದಂತಾಗುತ್ತಿತ್ತು. ಎರಡು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು ಎಂಬುದಕ್ಕಿಂತ ಆ ಮೂರು ಬಿಲ್ ಕೈಗೆ ಸಿಕ್ಕವು ಎಂಬುದೇ ನನಗೆ ಹೆಚ್ಚು ಸಮಾಧಾನ ತಂದಿತು.

SUMIFS, XLOOKUP, ಪಿವೋಟ್ ಟೇಬಲ್‌ಗಳನ್ನು ದಿನವೂ ಬಳಸಿದ್ದೇನೆ. ಗ್ರಾಹಕರಿಂದ ಬರಬೇಕಾದ ಬಾಕಿಯನ್ನು 30, 60, 90 ದಿನಗಳ ಲೆಕ್ಕದಲ್ಲಿ ವಿಂಗಡಿಸಿ ಪಟ್ಟಿ ಮಾಡಬಲ್ಲೆ. ಮುಂಗಾರಿಗೆ ಮುಂಚೆ ಉದ್ರಿಯಲ್ಲಿ ಮಾಲು ಹೋಗಿ, ಫಸಲು ಬಂದ ಮೇಲೆ ಹಣ ಬರುವ ನಿಮ್ಮಂಥ ವ್ಯಾಪಾರದಲ್ಲಿ ಇದು ಪ್ರತಿ ವಾರ ಬೇಕಾಗುವ ಪಟ್ಟಿ ಎಂದು ಭಾವಿಸಿದ್ದೇನೆ. ಟ್ಯಾಲಿ ಪ್ರೈಮ್‌ನಲ್ಲಿ ವೋಚರ್ ನಮೂದು, ಬ್ಯಾಂಕ್ ತಾಳೆಪಟ್ಟಿ, ದಾಸ್ತಾನು ವಿವರ ಇವುಗಳಲ್ಲೂ ಕೈ ಪಳಗಿದೆ.

ಬ್ಯಾಂಕ್ ತಾಳೆಯಲ್ಲಿ ಒಮ್ಮೆ 1,800 ರೂಪಾಯಿ ಹೊಂದದೆ ಸಂಜೆಯವರೆಗೆ ಹುಡುಕಿದ್ದೆ. ಕಚೇರಿಯ ಹಿರಿಯ ಗುಮಾಸ್ತರು ಬಂದು, "ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ನೋಡಮ್ಮ, ಆದರೆ ಅಂಕಿ ಹಿಂದುಮುಂದಾಗಿರಬಹುದು" ಎಂದರು. 38,600 ಇರಬೇಕಾದಲ್ಲಿ ನಾನೇ 36,800 ಎಂದು ಹೊಡೆದಿದ್ದೆ. ಅಂದಿನಿಂದ ನಮೂದು ಮುಗಿದ ಕೂಡಲೇ ಒಟ್ಟು ಮೊತ್ತ ತಾಳೆಯಾಗದೆ ಫೈಲ್ ಮುಚ್ಚುವುದಿಲ್ಲ.

ರಿಟರ್ನ್‌ಗಳಿಗೆ ಬೇಕಾದ ವಿವರಗಳನ್ನು ನಾನು ಸಿದ್ಧಪಡಿಸಿದ್ದೇನೆ. ಆದರೆ ಸಲ್ಲಿಕೆಯನ್ನು ನನ್ನ ಹೊಣೆಯಲ್ಲಿ ಇನ್ನೂ ಮಾಡಿಲ್ಲ. ಟಿಡಿಎಸ್ ಕೆಲಸವನ್ನೂ ಪಕ್ಕದಲ್ಲಿ ಕುಳಿತು ನೋಡಿದ್ದೇನೆ ಅಷ್ಟೇ. ಇವೆರಡನ್ನೂ ನಿಮ್ಮಲ್ಲಿ ಕಲಿಯುವ ಆಸೆಯಿದೆ. ನಮ್ಮ ತಂದೆಯವರದು ಚಿಕ್ಕ ಕಿರಾಣಿ ಅಂಗಡಿ. ಉದ್ರಿ ಪುಸ್ತಕ ಕೂಡಿಸುತ್ತಲೇ ಬೆಳೆದವಳು ನಾನು, ಲೆಕ್ಕದ ಕೆಲಸ ನನಗೆ ಬೇಸರ ತರಿಸಿದ್ದೇ ಇಲ್ಲ.

ನನ್ನ ವಿವರಪಟ್ಟಿ, ಅಂಕಪಟ್ಟಿಗಳು, ಇಂಟರ್ನ್‌ಶಿಪ್ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಮೇಲೆ ಹೇಳಿದ ತಾಳೆಪಟ್ಟಿಯ ಮಾದರಿ ಎಕ್ಸೆಲ್ ಫೈಲ್ ಕೂಡ ಜೊತೆಗಿದೆ. ಅದರಲ್ಲಿರುವ ಹೆಸರು, ಮೊತ್ತಗಳೆಲ್ಲ ಕಾಲ್ಪನಿಕ, ವ್ಯಾಪಾರಿಯ ಯಾವ ಮಾಹಿತಿಯನ್ನೂ ಬಳಸಿಲ್ಲ. ಸಂದರ್ಶನಕ್ಕೆ ಯಾವ ದಿನ ಕರೆದರೂ ಬರುತ್ತೇನೆ. ನಿಮ್ಮ ಕಂಪ್ಯೂಟರಿನಲ್ಲೇ ಒಂದು ತಿಂಗಳ ಖರೀದಿ ವಹಿ ಕೊಟ್ಟು ಪರೀಕ್ಷಿಸಿದರೆ ಇನ್ನೂ ಸಂತೋಷ. ಆಯ್ಕೆಯಾದರೆ ಮುಂದಿನ ತಿಂಗಳ 1ರಿಂದಲೇ ಕೆಲಸಕ್ಕೆ ಸೇರಬಲ್ಲೆ. ಮೊಬೈಲ್ ಸಂಖ್ಯೆ ವಿವರಪಟ್ಟಿಯ ಮೊದಲ ಸಾಲಿನಲ್ಲಿದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸವಿತಾ
ವಿದ್ಯಾನಗರ, ಹುಬ್ಬಳ್ಳಿ