ಹಿರೇಮಠ ಸರ್ ಪರಿಚಯ: 2001ರ ಬ್ಯಾಚಿನ ಗುರುವಂದನೆಯಲ್ಲಿ ಆಡಿದ ಮಾತು

ವೇದಿಕೆಯ ಮೇಲಿರುವ ಹಿರಿಯರಿಗೆ, ಗುರುಗಳಿಗೆ, ಅಕ್ಕೋರಿಗೆ ಶರಣು. ಮುಂದೆ ಕುಳಿತ ನನ್ನ ಗೆಳೆಯ ಗೆಳತಿಯರಿಗೂ, ಹಿಂದೆ ಐಸ್‌ಕ್ರೀಮ್ ತಿನ್ನುತ್ತಿರುವ ನಿಮ್ಮ ಮಕ್ಕಳಿಗೂ ನಮಸ್ಕಾರ.

ನಾವು ಎಸ್‌ಎಸ್‌ಎಲ್‌ಸಿ ಮುಗಿಸಿ 25 ವರ್ಷ ಆಯ್ತು. ಇವತ್ತಿನ ಮುಖ್ಯ ಅತಿಥಿ ನಮ್ಮ ಗಣಿತದ ಹಿರೇಮಠ ಸರ್. ಅವರ ಪರಿಚಯ ಮಾಡಲು ನನಗೆ ಹೇಳಿದ್ದಾರೆ. ಇದೇ ಸರ್ ಕೈಯಲ್ಲಿ ಅರ್ಧವಾರ್ಷಿಕದಲ್ಲಿ 31 ಅಂಕ ತಗೊಂಡವಳು ನಾನು. ಆಯ್ಕೆ ಯಾರು ಮಾಡಿದರೋ ಗೊತ್ತಿಲ್ಲ.

ಸರ್ ನೌಕರಿಗೆ ಸೇರಿದ್ದು 1982ರಲ್ಲಿ, ನಿವೃತ್ತರಾಗಿದ್ದು 2014ರಲ್ಲಿ. ಆಮಂತ್ರಣ ಪತ್ರಿಕೆಯಲ್ಲಿ ಇದೆಲ್ಲ ಅಚ್ಚಾಗಿದೆ, ಓದಿಕೊಳ್ಳಿ. ಅದರಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ನಮ್ಮದು ಎಂಥಾ ವರ್ಷ ಅಂತ ನಿಮಗೆ ನೆನಪಿದೆ ಅಲ್ವಾ? ಆಲಮಟ್ಟಿ ಹಿನ್ನೀರು ಬಾಗಲಕೋಟೆಯ ಹೊಸ್ತಿಲಿಗೆ ಬಂದಿತ್ತು. ಅರ್ಧ ಊರು ನವನಗರದಲ್ಲಿ, ಅರ್ಧ ಊರು ಹಳೇ ಓಣಿಯಲ್ಲಿ. ಮನೆಯಲ್ಲಿ, ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ ಎಲ್ಲಿ ಹೋದರೂ ಒಂದೇ ಸಂಖ್ಯೆ: 519.60 ಮೀಟರ್. ಒಂದು ದಿನ ಕ್ಲಾಸಿನಲ್ಲಿ ನಮ್ಮವನೊಬ್ಬ ಎದ್ದು ನಿಂತು ಕೇಳಿಯೇಬಿಟ್ಟ, "ಸರ್, 519 ಮೀಟರ್ ನೀರು ಬಂದ್ರ ನವನಗರಾನೂ ಮುಳುಗತೈತೇನ್ರಿ?" ಅವನು ಇಲ್ಲೇ ಎರಡನೇ ಸಾಲಿನಲ್ಲಿದ್ದಾನೆ, ಹೆಸರು ಹೇಳುವುದಿಲ್ಲ.

ನಾವೆಲ್ಲ ನಕ್ಕೆವು. ಸರ್ ನಗಲಿಲ್ಲ. ಬೋರ್ಡಿನ ಕೆಳಗೆ ಒಂದು ಗೆರೆ ಎಳೆದು "ಇದು ಸಮುದ್ರ" ಅಂದರು. ಮೇಲೆ ಇನ್ನೊಂದು ಗೆರೆ ಎಳೆದು 519.60 ಅಂತ ಬರೆದರು. "ಇದು ನೀರಿನ ಆಳ ಅಲ್ಲಪಾ, ಸಮುದ್ರದಿಂದ ಎತ್ತರ. ನಮ್ಮ ಊರು ಮೊದಲ ಐನೂರು ಮೀಟರ್ ಮ್ಯಾಲೆ ಕುಂತೈತಿ. ನಿಮ್ಮನಿ ಈ ಗೆರಿಗಿಂತ ಕೆಳಗೋ ಮ್ಯಾಲೋ ಅಷ್ಟ ನೋಡ್ರಿ." ಸುಮ್ನೆ ನಕ್ಕವರೆಲ್ಲ ಆಮೇಲೆ ತಮ್ಮ ತಮ್ಮ ಮನೆ ಎಲ್ಲಿ ಬರುತ್ತದೆ ಎಂದು ಕೇಳತೊಡಗಿದೆವು. ನಿಜ ಹೇಳಬೇಕೆಂದರೆ, ನಗುವಾಗ ನಮಗೂ ಉತ್ತರ ಗೊತ್ತಿರಲಿಲ್ಲ.

ಈಗ ನನ್ನ ಮನೆಯ ಕಥೆ. ಪರಿಹಾರದ ನೋಟಿಸು ಬಂತು. ಅದರಲ್ಲಿ ನಮ್ಮ ಹಿತ್ತಲೇ ಇರಲಿಲ್ಲ. ನಮ್ಮಪ್ಪನಿಗೆ ಸಹಿ ಮಾಡುವಷ್ಟೇ ಅಕ್ಷರ. ನಾನು ಆ ಹಾಳೆಯನ್ನು ಸರ್ ಮುಂದೆ ಇಟ್ಟೆ. ಸಂಜೆ ಅವರು ಸೈಕಲ್ ಹತ್ತಿ ಮನೆಗೇ ಬಂದರು. ಟೇಪು ಇರಲಿಲ್ಲ, ಅಡಿಗೊಂದು ಗಂಟು ಹಾಕಿದ ಸೆಣಬಿನ ಹಗ್ಗ ತಂದಿದ್ದರು. ಒಂದು ತುದಿ ನನ್ನ ಕೈಗೆ ಕೊಟ್ಟು ನುಗ್ಗೆ ಗಿಡದ ಹತ್ತಿರ ನಿಲ್ಲಿಸಿದರು. ಉದ್ದ 22 ಅಡಿ, ಅಗಲ 18. "ಗುಣಿಸು" ಅಂದರು. 396. "ಗುಂಟೆ ಅಂದ್ರ ಎಷ್ಟು?" ಗೊತ್ತಿರಲಿಲ್ಲ. "33 ಅಡಿ ಉದ್ದ, 33 ಅಡಿ ಅಗಲ. 1089 ಚದರ ಅಡಿ. ಈಗ ಭಾಗಿಸು." 11ರ ಮೇಲೆ 4 ಬಂತು. ಗುಂಟೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಭಿನ್ನರಾಶಿಯಿಂದ ದುಡ್ಡು ಬರುತ್ತದೆ ಅಂತ ಅವತ್ತೇ ನನಗೆ ತಿಳಿದದ್ದು.

ಆ ಲೆಕ್ಕವನ್ನು ಸರ್ ಹಳೇ ಪ್ರಶ್ನೆಪತ್ರಿಕೆಯ ಹಿಂದೆ ನನ್ನ ಕೈಲೇ ಬರೆಸಿದರು, ಅಪ್ಪನ ಕೈಲಿ ಕೊಟ್ಟರು. ಅಪ್ಪ ಅದನ್ನು ಹಿಡಿದು ನಾಲ್ಕು ಸಲ ಕಚೇರಿಗೆ ಅಲೆದರು. ನಾಲ್ಕನೇ ಸಲಕ್ಕೆ ಹಿತ್ತಲು ಸೇರಿತು. ಆಮೇಲೆ ಓಣಿಯಲ್ಲಿ ಸರ್‌ಗೆ ಬಿಡುವೇ ಸಿಗಲಿಲ್ಲ. ಪ್ರತಿ ಭಾನುವಾರ ಯಾರದಾದರೂ ಅಂಗಳದಲ್ಲಿ ಆ ಹಗ್ಗ ಬಿದ್ದಿರುತ್ತಿತ್ತು. ಒಬ್ಬರ ಹತ್ತಿರವೂ ಅವರು ಒಂದು ರೂಪಾಯಿ ಮುಟ್ಟಲಿಲ್ಲ. ರೊಟ್ಟಿ, ಶೇಂಗಾ ಹಿಂಡಿಗೆ ಮಾತ್ರ ಬೇಡ ಅನ್ನುತ್ತಿರಲಿಲ್ಲ.

ಸಿಟ್ಟು? ಬಹಳ ಇತ್ತು. ಅವರ ಡಸ್ಟರ್ ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಅದನ್ನೂ ಹೇಳದಿದ್ದರೆ ಪರಿಚಯ ಪೂರ್ತಿ ಆಗುವುದಿಲ್ಲ. ಸರ್, ತಪ್ಪು ತಿಳಿಯಬೇಡಿ.

ಹೋದ ತಿಂಗಳು ಕರೆಯಲು ಹೋದಾಗ ಸರ್, "ಶಾಲು, ಹಾರ, ಫಲತಾಂಬೂಲ ಏನೂ ಬ್ಯಾಡ" ಅಂದರು. ನಾವು ಆಗಲಿ ಅಂದು ಮೂರನ್ನೂ ತಂದಿದ್ದೇವೆ. ನಾಲ್ಕನೆಯದಾಗಿ, ಸರ್ ಇನ್ನೂ ಜೋಪಾನ ಮಾಡಿಟ್ಟಿರುವ ಆ ಹಗ್ಗವನ್ನು ಅಕ್ಕೋರು ಅವರಿಗೆ ಗೊತ್ತಾಗದ ಹಾಗೆ ಚೀಲದಲ್ಲಿ ತಂದಿದ್ದಾರೆ. ಅದು ಆ ಮೇಜಿನ ಮೇಲಿದೆ. ಎರಡು ಕಡೆ ಬಿಚ್ಚಿಕೊಂಡಿದೆ, ಗಂಟುಗಳು ಹಾಗೇ ಇವೆ. ಮಕ್ಕಳೇ, ಆಮೇಲೆ ಬಂದು ನೋಡಿ.

ಸರ್, ಕಾರ್ಯಕ್ರಮ ಪಟ್ಟಿಯಲ್ಲಿ ನಿಮ್ಮ ಮಾತಿಗೆ ಹತ್ತು ನಿಮಿಷ ಅಂತ ಹಾಕಿದ್ದಾರೆ. ಆ ಲೆಕ್ಕ ಹಾಕಿದವರಿಗೆ ಗಣಿತದಲ್ಲಿ ನನಗಿಂತ ಕಡಿಮೆ ಅಂಕ ಬಂದಿತ್ತು. ಅಡುಗೆ ಆಗಲು ಇನ್ನೂ ಮುಕ್ಕಾಲು ಗಂಟೆ ಇದೆ. ಬನ್ನಿ ಸರ್, ಮೈಕು ನಿಮ್ಮದು.