ದೀಪಾವಳಿ ಎಣ್ಣೆ ಆರ್ಡರ್ ಮಾಡಿದವರ ಗಮನಕ್ಕೆ: ಪಾರ್ಸಲ್ ತಡವಾಗುತ್ತಿದೆ, ಹೊಸ ದಿನಾಂಕಗಳು ಇಲ್ಲಿವೆ

ತುಮಕೂರು, 8 ಅಕ್ಟೋಬರ್ 2025, ಬುಧವಾರ

ಗ್ರಾಹಕರಿಗೆ ನಮಸ್ಕಾರ.

ಮೂರು ದಿನದಲ್ಲಿ ಮನೆಗೆ ತಲುಪುತ್ತದೆ ಎಂದು ಹೇಳಿ ಆರ್ಡರ್ ತಗೊಂಡವರು ನಾವು. ಅದರಂತೆ ನಡೆದುಕೊಳ್ಳಲು ಆಗಿಲ್ಲ, ಕ್ಷಮಿಸಿ. ಸೆಪ್ಟೆಂಬರ್ 30ರವರೆಗೆ ಬಂದ 212 ಆರ್ಡರ್‌ಗಳಲ್ಲಿ 150 ಹೋಗಿವೆ, 62 ಇನ್ನೂ ನಮ್ಮಲ್ಲೇ ಇವೆ.

ಮೊದಲ ತಪ್ಪು ನಮ್ಮದೇ. ದಸರಾಗೆ ರಿಯಾಯಿತಿ ಹಾಕಿದೆವು, ಗಾಣಕ್ಕೆ ಎಷ್ಟು ಆಗುತ್ತದೆ ಅಂತ ಲೆಕ್ಕ ಹಾಕಲಿಲ್ಲ. ಒಂದು ಸಲಕ್ಕೆ 15 ಕೆಜಿ ಕಡಲೆಬೀಜ ಹಾಕಿದರೆ ಮುಕ್ಕಾಲು ಗಂಟೆ ತಿರುಗಬೇಕು, ಸಿಗುವುದು ಆರು ಲೀಟರ್ ಆಸುಪಾಸು. ಆಮೇಲೆ ಗಸಿ ಇಳಿಯಲು ನಾಲ್ಕು ದಿನ ಬಿಡಬೇಕು. ಅವಸರಕ್ಕೆ ಬಿದ್ದು ತುಂಬಿದರೆ ಬಾಟಲಿ ತಳದಲ್ಲಿ ಕೆಸರು, ಬಾಣಲೆಯಲ್ಲಿ ನೊರೆ. ನಡುವೆ ಆಯುಧಪೂಜೆ, ವಿಜಯದಶಮಿ ಎರಡು ದಿನ ಗಾಣ ನಿಂತಿತ್ತು. "ಎತ್ತಿಗೂ ಹಬ್ಬವಾ?" ಎಂದು ಒಬ್ಬರು ಕೇಳಿದರು. ಗಾಣ ಮರದ್ದೇ, ತಿರುಗಿಸುವುದು ಮಾತ್ರ ಮೋಟಾರು. ಅದಕ್ಕೂ ಕುಂಕುಮ ಇಟ್ಟಿದ್ದೆವು.

ಹೆಚ್ಚು ತಡ ಆಗಿರುವುದು ಕೊಬ್ಬರಿ ಎಣ್ಣೆಗೆ. ತಿಪಟೂರು ಕಡೆಯಿಂದ ತಂದ ಕೊಬ್ಬರಿಯಲ್ಲಿ ಮೂರು ಚೀಲ ಮಳೆಯ ತೇವ ಹಿಡಿದಿತ್ತು. ಒಣಗಿದ ಕೊಬ್ಬರಿ ಮುರಿದರೆ ಟಕ್ ಎನ್ನಬೇಕು, ಇದು ಸೊಟ್ಟಗೆ ಬಾಗುತ್ತಿತ್ತು. ಹಾಗೇ ಆಡಿಸಿದ್ದರೆ ಎಣ್ಣೆಗೆ ಮುಗ್ಗಲು ವಾಸನೆ ಬರುತ್ತಿತ್ತು. ಮತ್ತೆ ಬಿಸಿಲಿಗೆ ಹಾಕಿ, ಮೋಡ ಬಂದಾಗ ಒಳಗೆ ಎಳೆದು, ಕೊನೆಗೆ ಸೋಮವಾರ ಗಾಣಕ್ಕೆ ಹಾಕಿದೆವು. ಅದು ತಿಳಿಯಾಗಲು 13ನೇ ತಾರೀಖು ಆಗುತ್ತದೆ.

ಕೊರಿಯರ್‌ನವರ ಕಡೆಯೂ ಹಬ್ಬದ ರಶ್ಶು. ಎಣ್ಣೆ ಪಾರ್ಸಲ್ ವಿಮಾನದಲ್ಲಿ ಕಳಿಸುವುದಿಲ್ಲ, ಎಲ್ಲ ರಸ್ತೆಯಲ್ಲೇ. ರಾಜ್ಯದೊಳಗೆ ಈಗ ನಾಲ್ಕೈದು ದಿನ, ಹೊರರಾಜ್ಯಕ್ಕೆ ಎಂಟೊಂಬತ್ತು ದಿನ ಹಿಡಿಯುತ್ತಿದೆ.

ಇನ್ನು ನಿಮ್ಮ ಪಾರ್ಸಲ್ ವಿಷಯ.

ಸೆಪ್ಟೆಂಬರ್ 30ರೊಳಗೆ ಆರ್ಡರ್ ಮಾಡಿ, ಅದರಲ್ಲಿ ಕೊಬ್ಬರಿ ಎಣ್ಣೆ ಇಲ್ಲದಿದ್ದರೆ: ನಾಳೆ ಗುರುವಾರ, 9ಕ್ಕೆ ಹೊರಡುತ್ತದೆ. ರಾಜ್ಯದೊಳಗೆ 14ರ ಹೊತ್ತಿಗೆ, ಹೊರಗಡೆ 18ರ ಹೊತ್ತಿಗೆ ಸಿಗಬೇಕು.

ಕೊಬ್ಬರಿ ಎಣ್ಣೆ ಇದ್ದರೆ: 14ಕ್ಕೆ ಹೊರಡುತ್ತದೆ. ರಾಜ್ಯದೊಳಗೆ 18 ಅಥವಾ 19. ಹೊರರಾಜ್ಯದವರಿಗೆ ಹಬ್ಬ ಕಳೆದೇ ಬರುವುದು, ಸುಳ್ಳು ಹೇಳುವುದಿಲ್ಲ. ಉಳಿದ ಎಣ್ಣೆಗಳನ್ನು ನಾಳೆಯೇ ಕಳಿಸಿ ಕೊಬ್ಬರಿ ಎಣ್ಣೆ ಆಮೇಲೆ ಕಳಿಸಿ ಎಂದರೆ ಹಾಗೇ ಮಾಡುತ್ತೇವೆ, ಎರಡನೇ ಕೊರಿಯರ್ ಖರ್ಚು ನಮ್ಮದು. ಅಭ್ಯಂಜನಕ್ಕೆಂದು ತರಿಸಿದವರು ಬೇಕಾದರೆ ಅಷ್ಟೇ ಅಳತೆಯ ಎಳ್ಳೆಣ್ಣೆ ತಗೊಳ್ಳಿ, ಸ್ಟಾಕ್ ಇದೆ. ಬೆಲೆಯಲ್ಲಿ ವ್ಯತ್ಯಾಸ ಇದ್ದರೆ ನೀವು ಕೊಡಬೇಕಾಗಿಲ್ಲ. ಯಾವುದು ಬೇಕೆಂದು ಇವತ್ತು ರಾತ್ರಿ 9ರೊಳಗೆ ತಿಳಿಸಿ.

ಅಕ್ಟೋಬರ್ 1ರಿಂದ 11ರವರೆಗಿನ ಆರ್ಡರ್: 14, 15ರಂದು ಹೊರಡುತ್ತದೆ. ಬೆಂಗಳೂರು, ಮೈಸೂರು, ದಾವಣಗೆರೆ ಕಡೆಗೆ 19ರ ಭಾನುವಾರ, ನೀರು ತುಂಬುವ ಹಬ್ಬದೊಳಗೆ ತಲುಪಿಸುವ ಪ್ರಯತ್ನ. ಬೀದರ್, ಕಲಬುರಗಿ, ಕಾರವಾರದವರಿಗೆ ಮಾತು ಕೊಡಲಾರೆವು. ಹೊರರಾಜ್ಯದವರಿಗೆ ಇದೂ ಹಬ್ಬದ ನಂತರವೇ.

11ರ ಶನಿವಾರ ರಾತ್ರಿಯ ನಂತರ ಬರುವ ಆರ್ಡರ್: 24ರ ಶುಕ್ರವಾರದಿಂದ ರವಾನೆ. 20, 21, 22 ಮೂರು ದಿನ ಗಾಣ, ಪ್ಯಾಕಿಂಗ್ ಎರಡೂ ರಜೆ.

ಬೆಂಗಳೂರಿನವರಿಗೆ ಇನ್ನೊಂದು ದಾರಿ ಇದೆ. 17ರ ಶುಕ್ರವಾರ ನಮ್ಮದೇ ಓಮ್ನಿಯಲ್ಲಿ ಬರುತ್ತೇವೆ. ಬೆಳಿಗ್ಗೆ 11ಕ್ಕೆ ಯಶವಂತಪುರ, ಮಧ್ಯಾಹ್ನ 2ಕ್ಕೆ ವಿಜಯನಗರ. ಕೈಯಲ್ಲೇ ತಗೊಂಡರೆ ಕೊರಿಯರ್ ಹಣ ವಾಪಸ್. ನಿಲ್ಲುವ ಜಾಗದ ಲೊಕೇಶನ್ ಹಿಂದಿನ ದಿನ ಕಳಿಸುತ್ತೇವೆ. ತುಮಕೂರಿನವರು 14ರಿಂದ ಗಾಣದ ಹತ್ತಿರವೇ ಬಂದು ಒಯ್ಯಬಹುದು. ಬಂದವರಿಗೆ ಹಿಂಡಿಯೂ ಇದೆ, ಹಸು ಸಾಕಿದವರು ಚೀಲ ತನ್ನಿ.

ಆರ್ಡರೇ ಬೇಡ ಎನ್ನುವವರು "ರದ್ದು" ಎಂದು ಬರೆದು ಆರ್ಡರ್ ನಂಬರ್ ಹಾಕಿದರೆ ಸಾಕು. ಕಾರಣ ಕೇಳುವುದಿಲ್ಲ, ಎರಡು ದಿನದಲ್ಲಿ ಪೂರ್ತಿ ಹಣ ನಿಮ್ಮ ಯುಪಿಐಗೆ. ಕೊಬ್ಬರಿ ರೇಟು ಈ ವರ್ಷ ಎಲ್ಲಿಗೆ ಹೋಗಿದೆ ಅಂತ ನಿಮಗೂ ಗೊತ್ತು. ಹಾಗಂತ ಈಗಾಗಲೇ ಹಣ ಕಟ್ಟಿದವರಿಂದ ಒಂದು ರೂಪಾಯಿ ಹೆಚ್ಚು ಕೇಳುವುದಿಲ್ಲ.

"ಪಾರ್ಸಲ್ ನಿಂತಿದೆ, ವಿಳಾಸ ಸರಿಮಾಡಲು 5 ರೂಪಾಯಿ ಕಟ್ಟಿ" ಎಂದು ಲಿಂಕ್ ಬಂದರೆ ದಯವಿಟ್ಟು ಒತ್ತಬೇಡಿ. ಅದು ನಾವು ಕಳಿಸಿದ್ದಲ್ಲ. ಟ್ರ್ಯಾಕಿಂಗ್ ನಂಬರ್ ಬರುವುದು ನೀವು ಆರ್ಡರ್ ಮಾಡಿದ ವಾಟ್ಸ್ಆ್ಯಪ್ ನಂಬರಿನಿಂದ ಮಾತ್ರ. ಬಾಟಲಿ ಸೋರಿದ್ದರೆ ಡಬ್ಬ ಬಿಚ್ಚುವಾಗಿನ ಒಂದು ಫೋಟೋ ಅದೇ ನಂಬರಿಗೆ ಹಾಕಿ, ಬೇರೆ ಬಾಟಲಿ ಕಳಿಸುತ್ತೇವೆ.

ಫೋನ್‌ಗೆ ಸಿಗುವುದು ಬೆಳಿಗ್ಗೆ 10ರಿಂದ 1, ಸಂಜೆ 5ರಿಂದ 8. ಗಾಣ ತಿರುಗುವಾಗ ರಿಂಗ್ ಕೇಳಿಸುವುದಿಲ್ಲ, ಮೆಸೇಜ್ ಹಾಕಿದರೆ ರಾತ್ರಿಯೊಳಗೆ ಉತ್ತರ ಬರುತ್ತದೆ.

ಇಂತಿ,
ನಿಮ್ಮ ಗಾಣದೆಣ್ಣೆಯವರು, ತುಮಕೂರು